ಭಾಗ ಅಲ್ಲ, ಭೋಗ್ಯ

ನಾನು ಕಾವೇರಿ ದಡದ ಒಂದು ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೋದ ವರ್ಷ ರಾಜ್ಯೋತ್ಸವಕ್ಕೆ ಮುಂಚೆ, ಮನೆಯಲ್ಲಿ ಹಳೆಯ ಕಾಗದ ಪತ್ರ ಏನಿದ್ದರೂ ತನ್ನಿ ಎಂದು ಒಂಬತ್ತನೇ ತರಗತಿಗೆ ಹೇಳಿದ್ದೆ. ಒಬ್ಬ ಹುಡುಗ ಅಜ್ಜಿಯ ಟ್ರಂಕಿನಿಂದ ಒಂದು ಪೋಸ್ಟ್ ಕಾರ್ಡ್ ತಂದ. ನಡುವೆ ಮಡಚಿ ಮಡಚಿ ಗೆರೆ ಬಿದ್ದಿತ್ತು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು.

ಕಾರ್ಡು ಕೊಡುವಾಗಲೇ ಹುಡುಗ ಅದರ ಕಥೆಯನ್ನೂ ಹೇಳಿದ. ಅವನ ಮುತ್ತಜ್ಜ ಕನ್ನಂಬಾಡಿ ಕಟ್ಟೆ ಕೆಲಸಕ್ಕೆ ಹೋಗಿದ್ದರಂತೆ. ಊರಲ್ಲಿದ್ದ ಅಣ್ಣ ಹೊಳೆ ಹತ್ತಿರದ ಗದ್ದೆಯನ್ನು ತಮ್ಮನ ಪಾಲಿಗೆ ಬಿಟ್ಟುಕೊಟ್ಟು ಬರೆದ ಕಾಗದವಂತೆ ಇದು. ನಾನು ಈ ಕಥೆ ಕೇಳಿದ ಮೇಲೆ ಕಾರ್ಡು ಓದಿದೆ. ನನ್ನ ತಪ್ಪು ಅಲ್ಲೇ ಶುರುವಾಯಿತು.

ಕಾಲ ಗೊತ್ತುಮಾಡುವುದು ಕಷ್ಟ ಆಗಲಿಲ್ಲ. ಮೇಲೆ ‘ರಕ್ತಾಕ್ಷಿ ಸಂವತ್ಸರ ಶ್ರಾವಣ’ ಎಂದಿತ್ತು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಾಗಾಗಿ ಅದು 1864 ಇರಬಹುದು, 1924 ಇರಬಹುದು, 1984 ಕೂಡ ಇರಬಹುದು. ಕಾರ್ಡಿನ ಮೇಲೆ ಐದನೇ ಜಾರ್ಜ್ ದೊರೆಯ ಮುಖ ಅಚ್ಚಾಗಿತ್ತು. ಅವನು ಆಳಿದ್ದು 1910ರಿಂದ 1936ರವರೆಗೆ. ಅಲ್ಲಿಗೆ 1924 ಎಂದಾಯಿತು. ಆ ವರ್ಷ ಜುಲೈನಲ್ಲಿ ಕಾವೇರಿಗೆ ಭಾರಿ ನೆರೆ ಬಂದಿತ್ತು. ಕಾಗದದಲ್ಲಿ ‘ಹೊಳೆ ಬಂದು ಮನೆ ಗೋಡೆ ಬಿದ್ದಿದೆ’ ಎಂಬ ಸಾಲೂ ಇತ್ತು. ಎಲ್ಲ ಸರಿಯಾಗಿ ಕೂತಿತು ಅನ್ನಿಸಿ ನನಗೆ ಧೈರ್ಯ ಬಂತು.

ಮುಖ್ಯವಾದ ಸಾಲು ಕಾರ್ಡಿನ ಕೊನೆಯಲ್ಲಿತ್ತು. ಜಾಗ ಮುಗಿಯುತ್ತಾ ಬಂದಿದ್ದರಿಂದ ಅಣ್ಣ ಅಕ್ಷರಗಳನ್ನು ಒತ್ತೊತ್ತಾಗಿ ಬರೆದಿದ್ದ. ಪದಗಳ ನಡುವೆ ಬಿಡುವಿಲ್ಲ, ಪೂರ್ಣವಿರಾಮವೂ ಇಲ್ಲ. ಆ ಕಾಲದ ಕೈಬರಹದಲ್ಲಿ ಇದು ಮಾಮೂಲು. ನಾನು ಓದಿದ್ದು ಹೀಗೆ: ‘ಹತ್ತು ಕೊಳಗದ ಗದ್ದೆ ನಿನ್ನ ಭಾಗಕ್ಕೆ ಬಿಟ್ಟಿದೆ.’ ಹತ್ತು ಕೊಳಗ ಬಿತ್ತನೆ ಬತ್ತ ಹಿಡಿಯುವ ಗದ್ದೆ ಎಂದು ಅರ್ಥ. ಹಿಂದೆ ಗದ್ದೆಯನ್ನು ಬಿತ್ತನೆಯಿಂದಲೇ ಅಳೆಯುತ್ತಿದ್ದರು. ದೊಡ್ಡ ಚಾರ್ಟಿನಲ್ಲಿ ಅದನ್ನು ಬರೆದು, ಕೆಳಗೆ ‘ಅಣ್ಣನ ಪ್ರೀತಿ’ ಎಂದು ಶೀರ್ಷಿಕೆ ಕೊಟ್ಟು ಗೋಡೆಗೆ ಹಾಕಿಸಿದೆ. ಊರಿನವರು ಬಂದು ನೋಡಿದರು. ಆ ಅಣ್ಣನ ಕಡೆಯ ಮನೆಯವರೂ ಇದೇ ಊರಲ್ಲಿದ್ದಾರೆ. ಅವರೂ ನೋಡಿದರು, ಏನೂ ಹೇಳದೆ ಹೋದರು.

ಮಾರನೆ ದಿನ ಚಾರ್ಟು ಇಳಿಸುವಾಗ ಒಬ್ಬಳು ಹುಡುಗಿ ಕೇಳಿದಳು. “ಸಾರ್, ಭಾಗ ಕೊಟ್ಟಮೇಲೆ ಮತ್ತೆ ಯಾಕೆ ಬಿಡಬೇಕು?”

ಅವಳು ಕೈ ಇಟ್ಟಿದ್ದು ಮುಂದಿನ ಸಾಲಿನ ಮೇಲೆ. ‘ಅರವತ್ತು ರೂಪಾಯಿ ಸಂದಾಯವಾದ ಮೇಲೆ ಬಿಡತಕ್ಕದ್ದು.’ ಅದು ಬೇರೆ ಯಾವುದೋ ಸಾಲದ ಮಾತು ಎಂದುಕೊಂಡು ನಾನು ದಾಟಿಬಿಟ್ಟಿದ್ದೆ. ಒಂದು ಪದ ಸರಿಯಾಗಿ ಓದಿದ್ದರೆ ಅದರ ಅಕ್ಕಪಕ್ಕದ ಸಾಲುಗಳು ತಾವಾಗಿ ಅರ್ಥವಾಗಬೇಕು. ಪಕ್ಕದ ಸಾಲಿಗೆ ನಾವೇ ಒಂದು ಕಥೆ ಕಟ್ಟಿ ಹೊಂದಿಸಬೇಕಾಗಿ ಬಂದರೆ, ಹಿಂದಿನ ಪದದಲ್ಲಿ ಎಡವಿದ್ದೇವೆ ಎಂದೇ ಲೆಕ್ಕ. ಉತ್ತರಪತ್ರಿಕೆ ತಿದ್ದುವಾಗ ನನಗೆ ಇದು ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗಲಿಲ್ಲ.

ಆ ಸಂಜೆ ಕಾರ್ಡನ್ನು ಮತ್ತೆ ತೆಗೆದುಕೊಂಡು ಕೂತೆ. ಈ ಸಲ ಅರ್ಥಕ್ಕೆ ಕೈಹಾಕಲಿಲ್ಲ. ಕಂಡ ಅಕ್ಷರವನ್ನು ಕಂಡ ಹಾಗೆ ಒಂದೊಂದಾಗಿ ಬರೆದುಕೊಂಡೆ. ಕಾಣದ ಕಡೆ ಚೌಕ ಹಾಕಿದೆ. ‘ಭಾಗಕ್ಕೆ’ ಎಂದು ಓದಿದ್ದ ಪದ ಸರಿಯಾಗಿ ಮಡಿಕೆಯ ಗೆರೆ ಮೇಲೆ ಬರುತ್ತಿತ್ತು. ಭಕಾರದ ನೆತ್ತಿ ಉಜ್ಜಿಹೋಗಿತ್ತು, ಬಲಗಡೆಯ ಬಾಲ ಮಾತ್ರ ಉಳಿದಿತ್ತು. ಆ ಬಾಲವನ್ನೇ ನಾನು ದೀರ್ಘ ಎಂದುಕೊಂಡಿದ್ದೆ. ಗಕಾರದ ಕೆಳಗೆ ಒಂದು ಕೊಂಡಿ ಇತ್ತು. ಕೆಳಗಿನ ಸಾಲಿನ ಅಕ್ಷರಕ್ಕೆ ತಗುಲಿಕೊಂಡಿದ್ದರಿಂದ ಅದನ್ನು ಆ ಸಾಲಿಗೇ ಸೇರಿಸಿಬಿಟ್ಟಿದ್ದೆ.

ಅದು ಯ ಒತ್ತು ಇರಬಹುದಾ? ಹೇಗೆ ತಿಳಿಯುವುದು? ಬರೆದವನ ಕೈಯನ್ನೇ ಕೇಳಬೇಕು. ಹಳೆಯ ಕಾಗದಗಳಲ್ಲಿ ಒಂದು ಅನುಕೂಲ ಇದೆ. ಶುರುವಿನ ಮಾತು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಏನಿರುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ, ಬರೆದವನು ಯಾವ ಅಕ್ಷರವನ್ನು ಹೇಗೆ ತಿರುಗಿಸುತ್ತಾನೆ ಎಂಬುದನ್ನು ಅಲ್ಲೇ ಕಲಿಯಬಹುದು. ಈ ಕಾರ್ಡಿನ ಮೊದಲ ಸಾಲು ‘ಉಭಯ ಕುಶಲೋಪರಿ’. ಅದರಲ್ಲಿ ಭ ಇದೆ, ಲೋ ಇದೆ. ಮೂರನೇ ಸಾಲಿನಲ್ಲಿ ‘ಅವ್ವನ ಆರೋಗ್ಯ ಈಗ ವಾಸಿ’ ಎಂದಿತ್ತು. ‘ರೋಗ್ಯ’ ಎಂಬ ಭಾಗವನ್ನು ಒಂದು ತೆಳು ಹಾಳೆ ಇಟ್ಟು ತಿದ್ದಿಕೊಂಡೆ. ‘ಭಾಗಕ್ಕೆ’ ಎಂದು ಓದಿದ್ದ ಪದದ ಮೇಲೆ ಆ ಹಾಳೆ ಇಟ್ಟೆ. ಓತ್ವದ ಬಾಲ ಅದೇ ಕಡೆ ಬಾಗಿತ್ತು. ಗಕಾರದ ಕೆಳಗಿನ ಕೊಂಡಿಯೂ ಅದೇ.

ಒಂದು ಹೋಲಿಕೆಯಿಂದ ತೀರ್ಮಾನ ಮಾಡಲು ಮನಸ್ಸಾಗಲಿಲ್ಲ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಾರ್ಡಿನ ಪಕ್ಕದಲ್ಲಿ ಮೇಜಿಗೆ ತಾಗುವ ಹಾಗೆ ಹಿಡಿದೆ. ಉಕ್ಕಿನ ನಿಬ್ಬು ಕಾಗದವನ್ನು ಸ್ವಲ್ಪ ಕೊರೆಯುತ್ತದೆ. ಶಾಯಿ ಹೋದರೂ ಗೀರು ಉಳಿಯುತ್ತದೆ. ಮೇಲಿನಿಂದ ಬೆಳಕು ಬಿದ್ದರೆ ಕಾಣುವುದಿಲ್ಲ, ಓರೆಯಾಗಿ ಬಿದ್ದರೆ ನೆರಳಿನಲ್ಲಿ ಕಾಣುತ್ತದೆ. ಭಕಾರದ ನೆತ್ತಿಯ ಮೇಲೆ ಸಣ್ಣ ಸುರುಳಿಯ ಗೀರು ಕಂಡಿತು. ಭಾ ಅಲ್ಲ, ಭೋ. ‘ಗದ್ದೆ ನಿನ್ನ ಭೋಗ್ಯಕ್ಕೆ ಬಿಟ್ಟಿದೆ.’ (ಪ್ರದರ್ಶನಕ್ಕೆ ಮುಂಚೆ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಬೇಕು ಅಂತಿದ್ದೆ. ಮಾಡಿಸಿದ್ದರೆ ಈ ಗೀರು ಬಿಸಿಗೆ ಚಪ್ಪಟೆಯಾಗಿ ಹೋಗುತ್ತಿತ್ತು. ಹಳೆಯ ಕಾಗದಕ್ಕೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ.)

ಮರುದಿನ ತರಗತಿಯಲ್ಲಿ ಭೋಗ್ಯ ಅಂದರೆ ಏನು ಎಂದು ಕೇಳಿದೆ. “ಮೈಸೂರಲ್ಲಿ ಮನೆ ಭೋಗ್ಯಕ್ಕೆ ಹಾಕ್ಕೊಳ್ತಾರಲ್ಲ ಸಾರ್” ಎಂದರು. ಗದ್ದೆಯದೂ ಅದೇ ದಾರಿ. ಸಾಲ ಕೊಟ್ಟವನು ಬಡ್ಡಿಗೆ ಬದಲು ಗದ್ದೆ ಉತ್ತು ಬೆಳೆ ತಿನ್ನುತ್ತಾನೆ. ಅಸಲು ಕೈಸೇರಿದ ದಿನ ಗದ್ದೆ ಬಿಡಬೇಕು. ಈಗ ಕಾರ್ಡಿನ ಎರಡು ಸಾಲೂ ಒಂದಕ್ಕೊಂದು ಸೇರಿದವು. ನೆರೆಯಲ್ಲಿ ಗೋಡೆ ಬಿದ್ದ ಅಣ್ಣನಿಗೆ, ಕಟ್ಟೆ ಕೆಲಸದ ಕೂಲಿಯಲ್ಲಿ ಉಳಿಸಿದ 60 ರೂಪಾಯಿ ಕೊಟ್ಟವನು ತಮ್ಮ. ಕೈಚಾಚಿದವನು ಅಣ್ಣ. ಚಾರ್ಟಿನಲ್ಲಿ ನಾನು ಬರೆದದ್ದು ಪೂರಾ ತಲೆಕೆಳಗು.

ಅಜ್ಜಿಯ ಮನೆಗೆ ಹೋಗಿ ಹೇಳುವುದು ನನಗೆ ಸುಲಭ ಆಗಲಿಲ್ಲ. ಅವರ ಮನೆಯವರು ಇವತ್ತಿಗೂ ಆ ಗದ್ದೆ ಮಾಡುತ್ತಿದ್ದಾರೆ. ಜಗಲಿ ಮೇಲೆ ಕೂತು, ಕಾರ್ಡು ತೋರಿಸಿ, ನಾನು ತಪ್ಪು ಓದಿದ್ದೆ ಎಂದು ಮೊದಲು ಹೇಳಿದೆ. ಆಮೇಲೆ ಸರಿಯಾದ ಮಾತು ಓದಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಮೇಲೆ ಅವ್ರು ಬಿಡಿಸ್ಕೊಂಡ್ರಂತಾ ಮೇಷ್ಟ್ರೇ?”

“ಇದರಲ್ಲಿ ಅದು ಬರೆದಿಲ್ಲ ಅಜ್ಜಿ. ಆಮೇಲೆ ದುಡ್ಡು ಬಂತೋ, ಅಣ್ಣತಮ್ಮಂದಿರು ಭಾಗ ಆದಾಗ ಗದ್ದೆ ನಿಮ್ಮ ಕಡೆಗೇ ಬಂತೋ, ಈ ಕಾರ್ಡಿನಿಂದ ಹೇಳೋಕೆ ಆಗಲ್ಲ.”

“ಅವ್ವನ ಮಾತು ಏನೋ ಇತ್ತಲ್ಲ, ಅದನ್ನ ಇನ್ನೊಂದ್ಸಲ ಓದಿ.”

ಓದಿದೆ. ಅವ್ವನ ಆರೋಗ್ಯ ಈಗ ವಾಸಿ.

ಅಜ್ಜಿ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ಮೊಮ್ಮಗನಿಗೆ ಚಪ್ಪಲಿ ತರಲು ಹೇಳಿದರು. “ದೊಡ್ಡಮನೆಯೋರಿಗೂ ಓದಿ ಹೇಳಿ, ಬನ್ನಿ. ನಾನೂ ಬತ್ತೀನಿ.”