ಮೂರು ಟೆಂಪೋ, ಐದು ಜಾಗ

ಕೋಲಾರ
ಜುಲೈ 14, 2025, ಸೋಮವಾರ

ಕ್ರಮಯೋಜನೆ ಪಾಠ ಮೊದಲ ಪಿಯುಸಿಯಲ್ಲಿ ಬರುತ್ತದೆ, ಒನ್-ಒನ್ ಫಂಕ್ಷನ್ ಎರಡನೇ ಪಿಯುಸಿಯಲ್ಲಿ. ಮಧ್ಯದಲ್ಲಿ ಒಂದು ಬೇಸಿಗೆ ರಜೆ. ಅಷ್ಟರಲ್ಲಿ ಮೊದಲನೆಯದು ಅರ್ಧ ಮರೆತಿರುತ್ತದೆ. ಹಾಗಾಗಿ ಎರಡೂ ಕಡೆ ಎಣಿಸುತ್ತಿರುವುದು ಒಂದನ್ನೇ ಎಂದು ಬಹಳ ಮಕ್ಕಳಿಗೆ ಹೊಳೆಯುವುದೇ ಇಲ್ಲ.

ಇವತ್ತು ಸಂಜೆ ಟ್ಯೂಷನ್‌ನಲ್ಲಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ. ಮೂರು ಅಂಶಗಳ ಗಣದಿಂದ ಐದು ಅಂಶಗಳ ಗಣಕ್ಕೆ ಎಷ್ಟು ಒನ್-ಒನ್ ಫಂಕ್ಷನ್ ಇವೆ? ಹಿಂದಿನ ಬೆಂಚಿನ ಹುಡುಗ ತಲೆ ಎತ್ತದೆ "60 ಸರ್" ಅಂದ. ಸೂತ್ರ ಬಾಯಿಪಾಠ. ವೇಮಗಲ್‌ನಿಂದ ಬರುವ ಹುಡುಗಿ ಮಾತ್ರ ಒಪ್ಪಲಿಲ್ಲ. "ಸರ್, ಐದು, ನಾಲ್ಕು, ಮೂರು ಅಂತ ಗುಣಿಸ್ತೀವಿ, ಸರಿ. ಆದ್ರೆ ಮೊದಲನೇದು ಯಾವುದನ್ನ ತಗೊಳ್ತು ಅನ್ನೋದ್ರ ಮೇಲೆ ಎರಡನೇದಕ್ಕೆ ಉಳಿಯೋದು ಬದಲಾಗುತ್ತಲ್ವಾ? ಹಂಗಿದ್ರೂ ಗುಣಿಸಬಹುದಾ?"

ಕೇಳಬೇಕಾದ ಪ್ರಶ್ನೆ ಇದೇ. ಉಳಿದ ಸಮಯವೆಲ್ಲ ಇದರಲ್ಲೇ ಕಳೆಯಿತು.

ನಮ್ಮೂರಲ್ಲಿ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ಟೊಮೆಟೊ ಮಂಡಿಗೆ ಅ, ಆ, ಇ ಎಂಬ ಮೂರು ಟೆಂಪೋ ಬಂದಿವೆ. ಕ್ರೇಟ್ ಇಳಿಸಲು 1ರಿಂದ 5ರವರೆಗೆ ಜಾಗಗಳಿವೆ. ಪ್ರತಿ ಟೆಂಪೋಗೂ ಒಂದು ಜಾಗ, ಒಂದೇ ಜಾಗ ಸಿಗಬೇಕು. ಅಷ್ಟಾದರೆ ಅದು ಫಂಕ್ಷನ್. ಒಂದೇ ಜಾಗಕ್ಕೆ ಎರಡು ಟೆಂಪೋ ನುಗ್ಗಬಾರದು. ಅದೂ ಆದರೆ ಒನ್-ಒನ್. ಜಾಗ ಖಾಲಿ ಉಳಿದರೆ ತೊಂದರೆ ಇಲ್ಲ. ಬಾಣ ಟೆಂಪೋದಿಂದ ಜಾಗದ ಕಡೆಗೆ ಎನ್ನುವುದನ್ನು ಮಾತ್ರ ಬಿಡಬಾರದು. ಉಲ್ಟಾ ಹಿಡಿದರೆ ಲೆಕ್ಕವೇ ಬೇರೆ.

ಅ ಮೊದಲು ನಿಲ್ಲಲಿ. ಅದಕ್ಕೆ 5 ಆಯ್ಕೆ. ಅ ಹೋಗಿ 2ರಲ್ಲಿ ನಿಂತರೆ ಆಗೆ ಉಳಿಯುವುದು 1, 3, 4, 5. ಅ 4ರಲ್ಲಿ ನಿಂತರೆ ಉಳಿಯುವುದು 1, 2, 3, 5. ಪಟ್ಟಿ ಬದಲಾಯಿತು, ಹುಡುಗಿ ಹೇಳಿದ್ದು ನಿಜ. ಆದರೆ ಪಟ್ಟಿಯ ಉದ್ದ ನೋಡಿ. ಎರಡು ಸಲವೂ ನಾಲ್ಕೇ. ಅ ಎಲ್ಲಿಯೇ ನಿಂತರೂ ನಾಲ್ಕೇ. ಮೊದಲೆರಡು ಎಲ್ಲೆಲ್ಲಿ ನಿಂತರೂ ಇಗೆ ಮೂರೇ. ಗುಣಿಸಲು ನಮಗೆ ಬೇಕಿರುವುದು ಇಷ್ಟೇ. ಯಾವುದು ಉಳಿಯಿತು ಎನ್ನುವುದು ಬದಲಾಗಲಿ, ಎಷ್ಟು ಉಳಿಯಿತು ಎನ್ನುವುದು ಬದಲಾಗಬಾರದು. ಹಾಗಾಗಿ 5 × 4 × 3 = 60. ನುಗ್ಗಬಾರದು ಎಂಬ ನಿಯಮ ಇಲ್ಲದಿದ್ದರೆ 5 × 5 × 5, ಅಂದರೆ 125 ಆಗುತ್ತಿತ್ತು.

m ಅಂಶಗಳಿಂದ n ಅಂಶಗಳಿಗೆ ಹೋಗುವಾಗಲೂ ಇದೇ ದಾರಿ. nರಿಂದ ಶುರು ಮಾಡಿ, ಒಂದೊಂದೇ ಇಳಿಸುತ್ತಾ, ಒಟ್ಟು m ಸಂಖ್ಯೆಗಳನ್ನು ಗುಣಿಸಬೇಕು:

n(n−1)(n−2)…(n−m+1)

ಕೊನೆಯ ಸಂಖ್ಯೆ n−m ಅಲ್ಲ, n−m+1. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಅನುಮಾನ ಬಂದರೆ ಎಷ್ಟು ಸಂಖ್ಯೆ ಗುಣಿಸಿದ್ದೇವೆ ಎಂದು ಎಣಿಸಿ ನೋಡಿದರೆ ಸಾಕು. ಟೆಂಪೋ ಎಷ್ಟೋ ಅಷ್ಟೇ ಇರಬೇಕು.

ಹಿಂದಿನ ಬೆಂಚಿನವನ ಸೂತ್ರ n!/(n−m)!. ಅದೂ ಇದೇ, ಆದರೆ ಆ ಭಾಗಾಕಾರ ಎಲ್ಲಿಂದ ಬಂತು? ಐದು ಜಾಗಗಳನ್ನೂ ಸಾಲಾಗಿ ಜೋಡಿಸಿ ಬರೆಯೋಣ. 5! = 120 ಕ್ರಮಯೋಜನೆಗಳು. ಒಂದು ಸಾಲು 2, 4, 1, 3, 5 ಎಂದಿರಲಿ. ಮೊದಲ ಮೂರನ್ನು ಅ, ಆ, ಇಗೆ ಕೊಡೋಣ. ಕೊನೆಯ 3, 5 ಖಾಲಿ ಜಾಗಗಳು. ಈಗ 2, 4, 1, 5, 3 ಎಂಬ ಸಾಲು ತೆಗೆದುಕೊಂಡರೂ ಟೆಂಪೋಗಳು ನಿಂತಿದ್ದಲ್ಲೇ ಇವೆ. ಖಾಲಿ ಜಾಗಗಳನ್ನು ಹಿಂದುಮುಂದು ಬರೆದಿದ್ದೇವೆ, ಅಷ್ಟೇ. ಅಂದರೆ ಪ್ರತಿ ಒನ್-ಒನ್ ಫಂಕ್ಷನ್ 120ರ ಪಟ್ಟಿಯಲ್ಲಿ ಸರಿಯಾಗಿ 2! ಸಲ ಬಂದಿದೆ. 120 ಭಾಗಿಸು 2, ಮತ್ತೆ 60. ಕೆಳಗಿನ (n−m)! ಖಾಲಿ ಜಾಗಗಳ ಅದಲುಬದಲು.

ಇಲ್ಲೊಂದು ತಮಾಷೆ ಇದೆ. ನಾಲ್ಕು ಟೆಂಪೋ ಬಂದರೆ 5 × 4 × 3 × 2 = 120. ಐದು ಬಂದರೂ 120. ಮಕ್ಕಳು ಇದನ್ನು ನಂಬಲಿಲ್ಲ. ನಾಲ್ಕು ನಿಂತ ಮೇಲೆ ಐದನೆಯದಕ್ಕೆ ಆಯ್ಕೆ ಎಲ್ಲಿದೆ? ಉಳಿದ ಒಂದಕ್ಕೇ ಹೋಗಬೇಕು. ಐದಕ್ಕೆ ಐದು ಬಂದಾಗ ಯಾವ ಜಾಗವೂ ಖಾಲಿ ಉಳಿಯುವುದಿಲ್ಲ, ಒನ್-ಒನ್ ಆದದ್ದು ತಾನಾಗಿ ಆನ್‌ಟು ಕೂಡ ಆಗುತ್ತದೆ. ಕ್ರಮಯೋಜನೆ ಎಂದರೆ ಅದೇ. ಎರಡೂ ಗಣಗಳು ಸಾಂತವಾಗಿ, ಒಂದೇ ಅಳತೆಯವಾಗಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಸ್ವಾಭಾವಿಕ ಸಂಖ್ಯೆಗಳಲ್ಲಿ xನ್ನು x+1ಕ್ಕೆ ಕಳಿಸಿದರೆ ಒನ್-ಒನ್ ಹೌದು, ಆದರೆ 1ಕ್ಕೆ ಯಾರೂ ಬರುವುದಿಲ್ಲ.

ಆರು ಟೆಂಪೋ ಬಂದರೆ? 5 × 4 × 3 × 2 × 1 × 0. ಸೊನ್ನೆ. ಇಳಿಯುವ ಗುಣಲಬ್ಧ ತಾನೇ ಹೇಳಿಬಿಡುತ್ತದೆ, ಜಾಗ ಇಲ್ಲಪ್ಪಾ ಅಂತ. ಫ್ಯಾಕ್ಟೋರಿಯಲ್ ಸೂತ್ರಕ್ಕೆ ಹಾಕಿದರೆ ಕೆಳಗೆ (−1)! ಬಂದು ನಿಲ್ಲುತ್ತದೆ, ಅದಕ್ಕೆ ಅರ್ಥವಿಲ್ಲ. ನನಗೆ ಇಳಿಯುವ ಗುಣಲಬ್ಧವೇ ಇಷ್ಟವಾಗಲು ಇದೂ ಒಂದು ಕಾರಣ.

ಹುಡುಗಿಯ ಅನುಮಾನಕ್ಕೆ ನಿಜವಾದ ಬೆಲೆ ಗೊತ್ತಾಗಿದ್ದು ಆಮೇಲೆ. 1ನೇ ಜಾಗದ ಮೇಲೆ ಶೀಟು ತಗ್ಗಾಗಿದೆ, ಇ ಎತ್ತರದ ಗಾಡಿ, ಅಲ್ಲಿ ನಿಲ್ಲುವಂತಿಲ್ಲ ಎಂದಿಟ್ಟುಕೊಳ್ಳೋಣ. ಅ 5, ಆ 4, ಇಗೆ? ಅ, ಆ ಇಬ್ಬರಲ್ಲಿ ಒಬ್ಬರು 1ನ್ನು ಹಿಡಿದಿದ್ದರೆ ಇಗೆ 3. ಇಲ್ಲದಿದ್ದರೆ 2. ಈಗ ಪಟ್ಟಿಯ ಉದ್ದವೇ ಬದಲಾಯಿತು. ಸುಮ್ನೆ ಗುಣಿಸುವ ಹಾಗಿಲ್ಲ.

ಒಡೆದು ಎಣಿಸಬಹುದು. ಅ ಮತ್ತು ಆ ನಿಲ್ಲುವ 20 ವಿಧಗಳಲ್ಲಿ 8ರಲ್ಲಿ 1ನೇ ಜಾಗ ತುಂಬಿರುತ್ತದೆ, 12ರಲ್ಲಿ ಇಲ್ಲ. 8 × 3 + 12 × 2 = 48. ಆದರೆ ಹುಡುಗಿಗೆ ಬೇರೆ ದಾರಿ ಕಂಡಿತು. "ತರಲೆ ಗಾಡೀನೇ ಮೊದಲು ನಿಲ್ಲಿಸಿಬಿಡೋಣ ಸರ್." ಇಗೆ 4, ಆಮೇಲೆ ಅಗೆ 4, ಆಗೆ 3. ಅದೇ 48. ಕ್ರಮ ಬದಲಿಸಿದ ತಕ್ಷಣ ಉದ್ದಗಳು ಮತ್ತೆ ಸ್ಥಿರವಾದವು.

ಎಲ್ಲ ಗಾಡಿಗಳೂ ತರಲೆಯಾದರೆ ಈ ಉಪಾಯ ನಡೆಯುವುದಿಲ್ಲ. ಅಗೆ 1 ಬೇಡ, ಆಗೆ 2 ಬೇಡ, ಇಗೆ 3 ಬೇಡ ಎಂದರೆ ಯಾರನ್ನು ಮೊದಲು ನಿಲ್ಲಿಸಿದರೂ ಮುಂದಿನವರ ಲೆಕ್ಕ ಏರುಪೇರಾಗುತ್ತದೆ. ಆಗ ಬೇಡದ್ದನ್ನು ಕಳೆಯಬೇಕು. ಒಟ್ಟು 60. ಒಂದು ಗಾಡಿ ತನಗೆ ಬೇಡದ ಜಾಗದಲ್ಲಿ ನಿಂತಿದ್ದರೆ ಉಳಿದೆರಡಕ್ಕೆ 4 × 3 = 12. ಅಂಥವು ಮೂರು, 36 ಕಳೆಯಿರಿ. ಎರಡು ಗಾಡಿ ಹಾಗೆ ನಿಂತಿರುವುದನ್ನು ಎರಡೆರಡು ಸಲ ಕಳೆದಿದ್ದೇವೆ, ಅವು ಮೂರು ಜೋಡಿಗೆ ತಲಾ 3, ಒಟ್ಟು 9 ಕೂಡಿಸಿ. ಮೂರೂ ಹಾಗೆ ನಿಂತಿದ್ದು 1, ಅದನ್ನು ಕಳೆಯಿರಿ. 60 − 36 + 9 − 1 = 32. ಇಲ್ಲಿ ಕಳೆದು ಕೂಡಿಸಿದ 12, 3, 1 ಕೂಡ ಒನ್-ಒನ್ ಫಂಕ್ಷನ್‌ಗಳ ಎಣಿಕೆಗಳೇ, ಉಳಿದ ಗಾಡಿಗಳಿಂದ ಉಳಿದ ಜಾಗಗಳಿಗೆ.