‘ಮಲಗಲಿ ಬಿಡು’ ಅಂದವಳು ನಾನೇ

‘ಮಲಗಲಿ ಬಿಡಿ, ಮದುವೆ ಓಡಾಟದ ಸುಸ್ತು.’ ಈ ಮಾತು ಆಡಿದ್ದು ಬೇರೆ ಯಾರೂ ಅಲ್ಲ, ನಾನೇ. ಒಂದು ವಾರದಿಂದ ಇದೇ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿದೆ.

ನಮ್ಮತ್ತೆಗೆ 76. ಬೆಳಗ್ಗೆ ಐದಕ್ಕೆ ಎದ್ದು, ರಂಗೋಲಿ ಹಾಕಿ, ನಮ್ಮೆಲ್ಲರಿಗಿಂತ ಮೊದಲು ಕಾಫಿ ಕುಡಿಯುವವರು. ಭಾನುವಾರ ಮದುವೆ ಮುಗಿಸಿ ಬಂದವರು ಸೋಮವಾರ ಒಂಬತ್ತಾದರೂ ಏಳಲಿಲ್ಲ. ಎಬ್ಬಿಸಿ ಕಾಫಿ ಕೊಟ್ಟೆ. ಲೋಟ ಕೈಯಲ್ಲೇ ವಾಲಿ ಸೀರೆ ಮೇಲೆ ಚೆಲ್ಲಿತು, ಅವರಿಗೆ ಗೊತ್ತೇ ಆಗಲಿಲ್ಲ. ನನ್ನ ಮುಖ ನೋಡಿ, ‘ಬಸ್ಸು ಬಂತೇನೇ?’ ಅಂದರು. ಮದುವೆಯ ಗುಂಗಿನಲ್ಲೇ ಇದ್ದಾರೆ ಅಂತ ನಕ್ಕುಬಿಟ್ಟೆ.

ಸಂಜೆ ಅರ್ಧ ಗಂಟೆ ಚೆನ್ನಾಗಿಯೇ ಇದ್ದರು. ಮುಯ್ಯಿ ಎಷ್ಟು ಬರೆಸಿದಿರಿ ಅಂತ ಲೆಕ್ಕ ಕೇಳಿದರು. ನಾವು ಮೋಸ ಹೋದದ್ದು ಅಲ್ಲೇ. ರಾತ್ರಿಯಿಡೀ ಹೊದಿಕೆಯ ಅಂಚನ್ನು ಬೆರಳಲ್ಲಿ ಹೆಕ್ಕುತ್ತಾ ಎಚ್ಚರವಿದ್ದರು, ಬೆಳಗಾದರೆ ಮತ್ತೆ ನಿದ್ದೆ. ಫೋನಿನಲ್ಲಿ ಅತ್ತಿಗೆ, ‘ವಯಸ್ಸಾಯ್ತಲ್ಲ, ಅರಳು ಮರಳು’ ಅಂದರು. ಅತ್ತಿಗೆಗೆ ಯಾವುದಕ್ಕೂ ಒಂದು ಗಾದೆ ಇರುತ್ತದೆ, ಪರಿಹಾರ ಮಾತ್ರ ಇರೋದಿಲ್ಲ. ಆದರೆ ಭಾನುವಾರ ಇಲ್ಲದ ಅರಳು ಮರಳು ಸೋಮವಾರ ಬರೋದು ಹೇಗೆ ಅಂತ ನಾನಾದರೂ ಯೋಚಿಸಬೇಕಿತ್ತು, ಅಲ್ವಾ?

ಬುಧವಾರ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜ್ವರ ನೋಡಿದರೆ 98.4. ಡಾಕ್ಟರ್ ಚಿಕ್ಕ ಹುಡುಗಿ. ಬೆರಳು ಚುಚ್ಚಿ ಶುಗರ್ ನೋಡಿದರು, ಆಕ್ಸಿಜನ್ ನೋಡಿದರು. ಆಮೇಲೆ ಅತ್ತೆಯ ಹತ್ತಿರ ಕೂತು, ‘ಅಜ್ಜಿ, ವಾರಗಳ ಹೆಸರು ಹೇಳಿ’ ಅಂದರು. ಭಾನುವಾರ, ಸೋಮವಾರ ಅಂತ ಸರಾಗವಾಗಿ ಬಂತು. ‘ಈಗ ಹಿಂದಿನಿಂದ ಹೇಳಿ.’ ಶನಿವಾರ... ಶುಕ್ರವಾರ... ಅಷ್ಟೇ. ಅತ್ತೆ ಫ್ಯಾನ್ ನೋಡುತ್ತಾ ಕೂತರು. ಮತ್ತೆ ಕೇಳಿದರೆ ‘ಬಸ್ಸು ಬಂತಾ?’

‘ಇದು ಮರೆವು ಅಲ್ಲ. ಗಮನ ನಿಲ್ತಿಲ್ಲ’ ಅಂದರು ಡಾಕ್ಟರ್. ಇದಕ್ಕೆ ಡೆಲಿರಿಯಂ ಅಂತಾರಂತೆ. ಮರೆವಿನ ಕಾಯಿಲೆ ತಿಂಗಳು, ವರ್ಷ ಹಿಡಿದು ಬರುತ್ತದೆ. ಇದು ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ, ಒಮ್ಮೆ ಸರಿ ಒಮ್ಮೆ ಮಂಕು. ಕೂಗಾಡುವವರನ್ನು ಮನೆಯವರು ಕೂಡಲೇ ಕರೆತರುತ್ತಾರೆ, ಹೀಗೆ ಸುಮ್ನೆ ಮಲಗುವವರನ್ನು ತಡವಾಗಿ ತರುತ್ತಾರೆ ಅಂದರು. ನಾನು ನೆಲ ನೋಡಿದೆ.

ರಕ್ತದಲ್ಲಿ ಸೋಡಿಯಂ 121. ಇರಬೇಕಾದ್ದು 135ರಿಂದ 145. ಕಾರಣ ಒಂದೊಂದಾಗಿ ಬಿಚ್ಚಿಕೊಂಡಿತು. ಛತ್ರದ ಟಾಯ್ಲೆಟ್ ದೂರ, ಮೆಟ್ಟಿಲು ಬೇರೆ. ಅತ್ತೆ ಎರಡು ದಿನ ನೀರನ್ನೇ ಕುಡಿದಿರಲಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯೂ ಅಷ್ಟಾಗಿ ತಿಳಿಯೋದಿಲ್ಲವಂತೆ. ಅವರ ಬಿಪಿ ಮಾತ್ರೆಯೊಳಗೇ ಮೂತ್ರ ಹೋಗಿಸುವ ಔಷಧಿಯೂ ಸೇರಿತ್ತು, ಅದು ನೀರಿನ ಜೊತೆ ಉಪ್ಪನ್ನೂ ಹೊರಹಾಕುತ್ತದೆ. ಅದನ್ನು ತಪ್ಪದೆ ನುಂಗಿದ್ದರು. ಮೂಗು ಸೋರುತ್ತದೆ ಅಂತ ಯಾರೋ ನೆಗಡಿ ಮಾತ್ರೆ ಕೊಟ್ಟಿದ್ದರು. ಮಂಪರು ತರಿಸುವ ಹಳೇ ಮಾತ್ರೆ ಅದು, ವಯಸ್ಸಾದವರ ತಲೆಗೆ ಅದೊಂದೇ ಸಾಕಂತೆ. ಇದರ ಮೇಲೆ ಉರಿಮೂತ್ರ. ನಾಚಿಕೊಂಡು ಯಾರಿಗೂ ಹೇಳಿರಲಿಲ್ಲ.

ಈ ವಯಸ್ಸಿನಲ್ಲಿ ಸೋಂಕು ಇಲ್ಲದಿದ್ದರೂ ಎಷ್ಟೋ ಜನರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ, ಆ ರಿಪೋರ್ಟ್ ಒಂದನ್ನೇ ನಂಬಿ ಉಳಿದ ಕಾರಣ ಹುಡುಕೋದು ಬಿಡಬಾರದು ಅಂತಲೂ ಹೇಳಿದರು. ಅತ್ತೆಗೆ ಉರಿಯೂ ಇತ್ತು, ರಕ್ತದಲ್ಲಿ ಬಿಳಿ ಕಣವೂ ಏರಿತ್ತು, ಹಾಗಾಗಿ ಆಂಟಿಬಯೋಟಿಕ್ ಕೊಟ್ಟರು.

ಡ್ರಿಪ್ಪನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ‘ಸ್ವಲ್ಪ ಜೋರಾಗಿ ಬಿಡ್ರಮ್ಮಾ’ ಅಂತ ಅತ್ತಿಗೆ ಗದರಿದರು. ಸೋಡಿಯಂ ದಿನಕ್ಕೆ ಎಂಟಕ್ಕಿಂತ ಜಾಸ್ತಿ ಏರದ ಹಾಗೆ ನೋಡ್ಕೋಬೇಕು, ಬೇಗ ಏರಿದರೆ ಮೆದುಳಿಗೇ ಪೆಟ್ಟು ಅಂತ ಡಾಕ್ಟರ್ ಹೇಳಿದ ಮೇಲೆ ಸುಮ್ಮನಾದರು. ಅಷ್ಟರಲ್ಲಿ ಮಂಪರಿನಲ್ಲಿದ್ದವರ ಬಾಯಿಗೆ ಚಮಚದಲ್ಲಿ ನೀರು ಬಿಡಲು ಹೊರಟಿದ್ದರು. ನುಂಗುವ ಎಚ್ಚರ ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ರಾತ್ರಿ ಅತ್ತೆ ಸೂಜಿ ಕಿತ್ತರು. ಆಯಾ ಕೈ ಕಟ್ಟೋಣ ಅಂದಳು. ಡಾಕ್ಟರ್ ಬೇಡ ಅಂದರು, ‘ಇವರ ಕನ್ನಡಕ ಎಲ್ಲಿ?’ ಅಂದರು. ನನ್ನ ಬ್ಯಾಗಿನಲ್ಲಿತ್ತು, ಬೆಳಗಿನಿಂದ. ಹಾಕಿದೆ. ಸಣ್ಣ ದೀಪ ಹಾಕಿಟ್ಟು, ಕೈ ಹಿಡಿದು, ‘ಅತ್ತೆ, ಇದು ಆಸ್ಪತ್ರೆ, ಇವತ್ತು ಬುಧವಾರ’ ಅಂತ ಮತ್ತೆ ಮತ್ತೆ ಹೇಳುತ್ತಾ ಕೂತೆ. ಮೂರು ಗಂಟೆಗೆ ಮಲಗಿದರು. ಈ ಸಲ ನಾನು ಮಲಗಲಿಲ್ಲ.

ಸೋಮವಾರ ಮನೆಗೆ ಬಂದೆವು. ಬಿಪಿ ಮಾತ್ರೆ ಬದಲಾಗಿದೆ. ಕತ್ತಲಾದ ಮೇಲೆ ಇನ್ನೂ ಸ್ವಲ್ಪ ಮಂಕು, ಪೂರ್ತಿ ಇಳಿಯೋಕೆ ವಾರಗಳೇ ಬೇಕಾಗಬಹುದಂತೆ. ನಿನ್ನೆ ಅವರೆಕಾಯಿ ಸುಲಿಯುತ್ತಾ, ‘ವಾರ ಹಿಂದಿನಿಂದ ಹೇಳಿ ಅತ್ತೆ’ ಅಂದೆ. ಏಳೂ ಹೇಳಿದರು, ತಡವರಿಸದೆ. ಆಮೇಲೆ ಕನ್ನಡಕದ ಮೇಲಿನಿಂದ ನೋಡಿ, ‘ನೀನು ಚೈತ್ರ ವೈಶಾಖ ಹಿಂದಿನಿಂದ ಹೇಳು ನೋಡೋಣ’ ಅಂದರು.

ಫಾಲ್ಗುಣ, ಮಾಘ, ಪುಷ್ಯ... ನಾನು ಅಲ್ಲೇ ನಿಂತೆ.