ಐದು ಗುಂಟೆಯ ಕಾಂಪೌಂಡು: ಕಂಬಗಳ ಲೆಕ್ಕ, ಬುನಾದಿಯ ಕಾಂಕ್ರೀಟು

ವಿಜಯಪುರದಿಂದ ಇಂಡಿ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹೊಲದಲ್ಲಿ ಐದು ಗುಂಟೆಯನ್ನು ಬೇರೆ ಮಾಡಿ ಕಾಂಪೌಂಡು ಕಟ್ಟಿಸುವ ಕೆಲಸ ಈಗ ಬುನಾದಿಯ ಹಂತದಲ್ಲಿದೆ. ಒಳಗೆ ಒಂದು ಸಣ್ಣ ಮನೆ, ಉಳಿದ ಜಾಗದಲ್ಲಿ ನಿಂಬೆ. ಎಲ್ಲ ಕುಣಿಗಳನ್ನೂ ತೋಡಿಯಾಗಿದೆ, ಉದ್ದನೆಯ ಎರಡೂ ಬದಿಗಳಲ್ಲಿ ಫೂಟಿಂಗ್ ಹಾಕಿಯಾಗಿದೆ. ಮುಂದಿನ ಲೋಡು ಸಿಮೆಂಟು ತರಿಸುವ ಮೊದಲು ಇಲ್ಲಿಯವರೆಗಿನ ಲೆಕ್ಕವನ್ನು ಬರೆದಿಡುತ್ತಿದ್ದೇನೆ.

ಜಾಗದ ಅಳತೆ 66 ಅಡಿಗೆ 82.5 ಅಡಿ. ಒಂದು ಗುಂಟೆಗೆ 1089 ಚದರ ಅಡಿಯಂತೆ ಇದು ಸರಿಯಾಗಿ ಐದು ಗುಂಟೆ. ಸುತ್ತಳತೆ 297 ಅಡಿ. ಕಂಬದಿಂದ ಕಂಬಕ್ಕೆ ಹತ್ತು ಅಡಿ ಮೀರಬಾರದು ಎಂಬುದು ಎಂಜಿನಿಯರ್ ಹಾಕಿಕೊಟ್ಟ ಮಿತಿ. ಇಷ್ಟು ಗೊತ್ತಾದರೆ ಲೆಕ್ಕ ಮುಗಿದಂತೆಯೇ ಕಾಣುತ್ತದೆ. ನಮ್ಮ ಕಾಕಾ ಬದುವಿನ ಮೇಲೆ ಕುಳಿತೇ ಕೇಳಿದರು: "297ನ್ನು ಹತ್ತರಿಂದ ಭಾಗಿಸಿ ಒಂದು ಕೂಡಿಸಿದರೆ ಆಯಿತಲ್ಲ? ಮೂವತ್ತೊಂದು ಕಂಬ." ಗೌಂಡಿ ಒಪ್ಪಲಿಲ್ಲ. "ಯಜಮಾನರೇ, ಹಾಗೆ ಹಿಡಿದರೆ ಮೂಲೆಗೆ ಕಂಬ ಬರುವುದಿಲ್ಲ" ಎಂದರು. ಇಬ್ಬರ ಮಾತನ್ನೂ ಬಿಡಿಸಿ ನೋಡಬೇಕು.

ಒಂದು ಕೂಡಿಸುವ ನಿಯಮ ನೇರ ಗೋಡೆಗೆ ಸಲ್ಲುತ್ತದೆ. ಈ ತುದಿಯಿಂದ ಆ ತುದಿಗೆ ಒಂಬತ್ತು ಅಂಕಣಗಳಿದ್ದರೆ ಕಂಬ ಹತ್ತು, ಏಕೆಂದರೆ ಕೊನೆಯ ಅಂಕಣವನ್ನು ಮುಚ್ಚಲು ಇನ್ನೊಂದು ಕಂಬ ಬೇಕು. ನಾಲ್ಕೂ ಬದಿ ಸುತ್ತಿ ಬರುವ ಗೋಡೆಯಲ್ಲಿ ಕೊನೆಯ ಅಂಕಣವನ್ನು ಮುಚ್ಚುವುದು ಮೊದಲನೆಯ ಕಂಬವೇ. ಆದ್ದರಿಂದ ಅಲ್ಲಿ ಅಂಕಣಗಳೆಷ್ಟೋ ಕಂಬಗಳೂ ಅಷ್ಟೇ. ಇನ್ನು ಮೂಲೆಯ ಮಾತು. ಒಟ್ಟು ಉದ್ದವನ್ನು ಒಂದೇ ಹಗ್ಗದಂತೆ ಭಾಗಿಸಿದರೆ ಮೂಲೆ ಎಲ್ಲಿ ಬರುತ್ತದೆ ಎಂಬುದು ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ನಮ್ಮ ಜಾಗದಲ್ಲಿ ಒಂದು ಮೂಲೆಯಿಂದ ಹತ್ತಿರ ಹತ್ತಿರ ಹತ್ತು ಅಡಿಗೊಂದು ಕಂಬ ನಿಲ್ಲಿಸುತ್ತಾ ಹೊರಟರೆ ಮುಂದಿನ ಮೂಲೆ ಎರಡು ಕಂಬಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮತ್ತೊಂದು ಕಂಬ ಸೇರಿಸಲೇಬೇಕು, ಆಗ ಮೂಲೆಯ ಪಕ್ಕದ ಅಂಕಣಗಳು ಗಿಡ್ಡವಾಗುತ್ತವೆ. ತರಿಸಿದ ಸರಳೂ ಸಾಲುವುದಿಲ್ಲ.

ಹಾಗಾಗಿ ಒಂದೊಂದು ಬದಿಯನ್ನು ಬೇರೆಯಾಗಿಯೇ ಹಿಡಿದೆವು, ಅದೂ ಕಂಬದ ಮಧ್ಯದಿಂದ ಮಧ್ಯಕ್ಕೆ. ಕಂಬ ಒಂಬತ್ತು ಇಂಚು ಚೌಕ. ಕಂಬದ ಹೊರಮುಖ ಗಡಿಯ ದಾರಕ್ಕೆ ಸರಿಯಾಗಿ ನಿಲ್ಲಬೇಕಾದ್ದರಿಂದ ಮಧ್ಯರೇಖೆ ಪ್ರತಿ ಬದಿಯಲ್ಲೂ ನಾಲ್ಕೂವರೆ ಇಂಚು ಒಳಗೆ ಬರುತ್ತದೆ. 82.5 ಅಡಿ 81.75 ಆಗುತ್ತದೆ, 66 ಅಡಿ 65.25 ಆಗುತ್ತದೆ. 81.75ನ್ನು ಹತ್ತರಿಂದ ಭಾಗಿಸಿದರೆ ಎಂಟಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿ ಮೇಲಿನ ಪೂರ್ಣ ಸಂಖ್ಯೆಯನ್ನೇ ಹಿಡಿಯಬೇಕು, ಎಂಟೆಂದರೆ ಅಂಕಣ ಹತ್ತು ಅಡಿ ಮೀರುತ್ತದೆ. ಒಂಬತ್ತು ಅಂಕಣ ಮಾಡಿದರೆ ಒಂದೊಂದೂ 9 ಅಡಿ 1 ಇಂಚು. ಹಿಂಬದಿಯ 65.25 ಅಡಿಗೆ ಏಳು ಅಂಕಣ, ಒಂದೊಂದೂ 9 ಅಡಿ 4 ಇಂಚಿನ ಆಸುಪಾಸು.

ಮುಂಬದಿಯಲ್ಲಿ ಗೇಟಿದೆ. ಟ್ರ್ಯಾಕ್ಟರ್ ಒಳಗೆ ಬರಬೇಕೆಂದು ಹನ್ನೆರಡು ಅಡಿ ತೆರವು ಇಟ್ಟೆವು. ಗೇಟಿನ ಕಂಬಗಳು ಒಂದು ಅಡಿ ಚೌಕ, ಆದ್ದರಿಂದ ಮಧ್ಯದಿಂದ ಮಧ್ಯಕ್ಕೆ 13 ಅಡಿ. ಗೇಟನ್ನು ಮೂಲೆಯ ಹತ್ತಿರ ಇಟ್ಟಿದ್ದರಿಂದ ಆ ಕಡೆ 8 ಅಡಿ 3 ಇಂಚಿನ ಒಂದು ಅಂಕಣ ಉಳಿಯಿತು, ಈ ಕಡೆ 44 ಅಡಿಗೆ 8.8 ಅಡಿಯ ಐದು ಅಂಕಣ. ಗೇಟಿನಲ್ಲಿ ಗೋಡೆ ಇಲ್ಲ, ಆದರೆ ಎಣಿಕೆಯಲ್ಲಿ ಅದೂ ಒಂದು ಅಂಕಣವೇ. ಅಲ್ಲಿಗೆ ಮುಂಬದಿಗೂ ಏಳು.

ಒಂಬತ್ತು, ಏಳು, ಒಂಬತ್ತು, ಏಳು ಸೇರಿ 32 ಅಂಕಣ, 32 ಕಂಬ. ಪ್ರತಿ ಬದಿಗೂ ಒಂದೊಂದು ಕೂಡಿಸಿದವರಿಗೆ 36 ಬರುತ್ತದೆ. ಅದರಲ್ಲಿ ನಾಲ್ಕು ಮೂಲೆಗಳು ಎರಡೆರಡು ಬಾರಿ ಸೇರಿವೆ, ಕಳೆದರೆ ಮತ್ತೆ 32. ಒಂದು ಉದ್ದನೆಯ ಬದಿಯಲ್ಲಿ ಬೇರೆಯವರ ಗೋಡೆ ಮೊದಲೇ ಇದ್ದಿದ್ದರೆ ಉಂಗುರ ತೆರೆದುಕೊಳ್ಳುತ್ತಿತ್ತು. ಆಗ 23 ಅಂಕಣಕ್ಕೆ ಒಂದು ಕೂಡಿಸಿ 24 ಕಂಬ. ಕಾಕಾ ಹೇಳಿದ ನಿಯಮ ಅಂಥ ಗೋಡೆಗೆ ಸರಿಯಾಗಿಯೇ ಹೊಂದುತ್ತದೆ.

ಸುಣ್ಣದ ಗುರುತು ಹಾಕುವ ಮೊದಲು ಗೌಂಡಿ ನಾಲ್ಕು ಮೂಲೆಯ ಗೂಟಗಳ ನಡುವೆ ಅಡ್ಡಡ್ಡ ಟೇಪು ಹಿಡಿಸಿದರು. ಮಧ್ಯರೇಖೆಯ ಅಳತೆಗೆ ಕರ್ಣ 104 ಅಡಿ 7 ಇಂಚು ಬರಬೇಕು, ಎರಡೂ ಕರ್ಣಗಳು ಸಮನಾಗಿರಬೇಕು. ಬದಿಗಳೆಲ್ಲ ಸರಿಯಿದ್ದೂ ಕರ್ಣಗಳು ಬೇರೆಯಾದರೆ ಜಾಗ ಓರೆಯಾಗಿದೆ ಎಂದೇ ಅರ್ಥ.

ಇನ್ನು ನೆಲದೊಳಗಿನ ಕೆಲಸ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಹೀಗೆ ಏರಿಳಿಯುವ ಮಣ್ಣಿನ ಮೇಲೆ ಫೂಟಿಂಗ್ ಕೂರಿಸಿದರೆ ಒಂದು ಕಂಬ ಏಳುತ್ತದೆ, ಪಕ್ಕದ್ದು ಇಳಿಯುತ್ತದೆ, ನಡುವಿನ ಗೋಡೆ ಓರೆಯಾಗಿ ಸೀಳುತ್ತದೆ. ಆದ್ದರಿಂದ ಗರಸು ಸಿಗುವವರೆಗೆ ಇಳಿಯಬೇಕು. ನಮ್ಮಲ್ಲಿ ಹೆಚ್ಚಿನ ಕುಣಿಗಳಲ್ಲಿ ನಾಲ್ಕೂವರೆ ಅಡಿಗೆ ಸಿಕ್ಕಿತು. ಕಪ್ಪು ಮಣ್ಣು ಹಾರೆಗೆ ಅಂಟುತ್ತದೆ. ಗರಸು ಬಂದ ಕೂಡಲೇ ಹಾರೆ ಖಣ್ ಎನ್ನುತ್ತದೆ, ಕೆಂಪು ಬೆರೆತ ಹಳದಿ ಪುಡಿ ಮೇಲೆ ಬರುತ್ತದೆ. ನಡುವೆ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ಗರಸೆಂದು ತಿಳಿಯಬಾರದು, ಅವುಗಳ ಕೆಳಗೂ ಕಪ್ಪು ಮಣ್ಣಿರುತ್ತದೆ. ಎಷ್ಟು ತೋಡಿದರೂ ಎರೆಯೇ ಇರುವ ಹೊಲಗಳಲ್ಲಿ ಈ ಬಗೆಯ ಬುನಾದಿ ನಡೆಯುವುದಿಲ್ಲ, ಪೈಲ್ ಹಾಕಬೇಕಾಗುತ್ತದೆ.

ಒಂದು ಸಾಮಾನ್ಯ ಕಂಬದ ಕುಣಿ ಹೀಗಿದೆ. ಮೂರು ಅಡಿ ಚೌಕ. ತಳದಲ್ಲಿ ನಾಲ್ಕು ಇಂಚು ಬೆಡ್ ಕಾಂಕ್ರೀಟು, ಅದು 3 ಘನ ಅಡಿ. ಅದರ ಮೇಲೆ ಎರಡೂವರೆ ಅಡಿ ಚೌಕ, ಒಂದು ಅಡಿ ದಪ್ಪದ ಫೂಟಿಂಗ್, 6.25 ಘನ ಅಡಿ. ಅಲ್ಲಿಂದ ನೆಲಮಟ್ಟದವರೆಗೆ ಕಂಬದ ಬುಡ 3 ಅಡಿ 2 ಇಂಚು, 1.8 ಘನ ಅಡಿಗೆ ಸ್ವಲ್ಪ ಕಡಿಮೆ. ಗೇಟಿನ ಭಾರ ಹೊರುವ ಎರಡು ಕಂಬಗಳಿಗೆ ಮಾತ್ರ ಫೂಟಿಂಗ್ ಮೂರೂವರೆ ಅಡಿ ಚೌಕ, 15 ಇಂಚು ದಪ್ಪ.

ಗಡಿಗೆ ಅಂಟಿ ನಿಂತ ಒಂಬತ್ತು ಇಂಚಿನ ಕಂಬದ ನಡುಮಧ್ಯದ ಕೆಳಗೆ ಎರಡೂವರೆ ಅಡಿಯ ಫೂಟಿಂಗ್ ಇಟ್ಟರೆ ಅದು ಗಡಿಯಾಚೆ ಹತ್ತೂವರೆ ಇಂಚು ಹೋಗುತ್ತದೆ. ನಮಗೆ ಸುತ್ತಲೂ ಮನೆಯವರದೇ ಹೊಲ, ರಸ್ತೆಯ ಕಡೆಯೂ ನಮ್ಮದೇ ಜಾಗ ಬಿಟ್ಟಿದ್ದೇವೆ, ಹಾಗಾಗಿ ತೊಂದರೆಯಾಗಲಿಲ್ಲ. ಊರೊಳಗಿನ ಪ್ಲಾಟಿನಲ್ಲಿ ಕಟ್ಟುವವರು ಇದನ್ನು ಎಂಜಿನಿಯರ್ ಜೊತೆ ಮೊದಲೇ ಮಾತಾಡಬೇಕು. ಕಂಬವನ್ನು ಸುಮ್ಮನೆ ಫೂಟಿಂಗಿನ ಅಂಚಿಗೆ ಸರಿಸಿದರೆ ಗೋಡೆ ಹೊರಗೆ ವಾಲುತ್ತದೆ.

32 ಕಂಬಗಳಿಗೆ ಕೂಡಿಸಿದಾಗ ಬೆಡ್ ಕಾಂಕ್ರೀಟು 101 ಘನ ಅಡಿ, ಫೂಟಿಂಗ್ 218, ಬುಡಗಳು 59. ಬೆಡ್ಡಿಗೆ 1:4:8, ಉಳಿದ 277 ಘನ ಅಡಿಗೆ 1:1.5:3 ಮಿಶ್ರಣ. ಒಣ ಸಾಮಾನು ಹಸಿ ಕಾಂಕ್ರೀಟಾದಾಗ ಕುಗ್ಗುವುದರಿಂದ 1.54ರಿಂದ ಗುಣಿಸುತ್ತಾರೆ. ಒಂದು ಚೀಲ ಸಿಮೆಂಟು ಸುಮಾರು 1.23 ಘನ ಅಡಿ. ಹೀಗೆ ಹಿಡಿದರೆ ಬೆಡ್ಡಿಗೆ 10 ಚೀಲ, ಉಳಿದದ್ದಕ್ಕೆ 63 ಚೀಲ. ಉಸುಕು ಒಂದೂಮುಕ್ಕಾಲು ಬ್ರಾಸಿಗೆ ತುಸು ಕಡಿಮೆ. 20 ಮಿಲಿಮೀಟರ್ ಖಡಿ 2.3 ಬ್ರಾಸ್, ಬೆಡ್ಡಿನ 40 ಮಿಲಿಮೀಟರ್ ಖಡಿ ಸುಮಾರು ಒಂದು ಬ್ರಾಸ್.

ಕೆಲಸದ ಸ್ಥಳದಲ್ಲಿ ನಾನು ಇಟ್ಟುಕೊಂಡ ಅಳತೆಗೋಲು ಇದಕ್ಕಿಂತ ಸರಳ. 1:1.5:3ರಲ್ಲಿ ಒಂದು ಚೀಲಕ್ಕೆ ಸುಮಾರು 4.4 ಘನ ಅಡಿ ಕಾಂಕ್ರೀಟು ಬರುತ್ತದೆ, ಅಂದರೆ ಹತ್ತು ಚೀಲಕ್ಕೆ ಏಳು ಫೂಟಿಂಗ್. ಸಂಜೆ ಖಾಲಿ ಚೀಲ ಎಣಿಸಿದರೆ ಸಾಕು. ಏಳಕ್ಕೆ ಹದಿಮೂರು ಹೋಗಿದ್ದರೆ ಫೂಟಿಂಗ್ ಹಿಗ್ಗಿದೆ. ಎಂಟರಲ್ಲೇ ಮುಗಿದಿದ್ದರೆ ಸಿಮೆಂಟು ಕಡಿಮೆ ಬಿದ್ದಿದೆ ಅಥವಾ ದಪ್ಪ ಕಡಿಮೆಯಾಗಿದೆ.

ಎರೆ ಮಣ್ಣಿನಲ್ಲಿ ಹಿಗ್ಗುವುದು ಬಹಳ ಸುಲಭ. ತೋಡಿಟ್ಟ ಕುಣಿಯ ಅಂಚು ಒಣಗಿ ಹೆಂಟೆ ಹೆಂಟೆಯಾಗಿ ಒಳಗೆ ಬೀಳುತ್ತದೆ. ಉತ್ತರ ಬದಿಯ ಒಂದು ಕುಣಿಯನ್ನು ಮಣ್ಣು ತೆಗೆಸಿ ಅಳೆದೆ: ಮೂರು ಅಡಿ ಇದ್ದದ್ದು ತಳದಲ್ಲಿ ಮೂರೂವರೆ ಅಡಿಯಾಗಿತ್ತು. ಬೆಡ್ 3 ಘನ ಅಡಿಯ ಬದಲು 4 ಘನ ಅಡಿ ನುಂಗುತ್ತದೆ. ಅದನ್ನು ಸಹಿಸಬಹುದು. ಆದರೆ ಪಕ್ಕಕ್ಕೆ ಪ್ಲೇಟು ಕಟ್ಟದೆ ಫೂಟಿಂಗನ್ನೂ ಅದೇ ಕುಣಿಗೆ ಸುರಿದರೆ 6.25 ಹೋಗಬೇಕಾದ ಕಡೆ 12.25 ಘನ ಅಡಿ ಹೋಗುತ್ತದೆ, ಹತ್ತಿರ ಹತ್ತಿರ ಎರಡರಷ್ಟು. ಅದೇ ಕುಣಿ ಒಂದು ಅಡಿ ಹೆಚ್ಚು ಆಳವಾದರೆ ಹೆಚ್ಚುವುದು ಕಂಬದ ಬುಡ ಮಾತ್ರ, ಅರ್ಧ ಘನ ಅಡಿಗೆ ಸ್ವಲ್ಪ ಮೇಲೆ. ತೋಡುವ ಕೂಲಿ ಹೆಚ್ಚಾಗಬಹುದು, ಸರಳೂ ಒಂದು ಅಡಿ ಉದ್ದ ಬೇಕು, ಕಾಂಕ್ರೀಟು ಮಾತ್ರ ಅಷ್ಟೇ. ಆದ್ದರಿಂದ ಗರಸು ಇನ್ನೂ ಒಂದು ಅಡಿ ಕೆಳಗಿದೆ ಎಂದಾಗ ಆಳದಲ್ಲಿ ಚೌಕಾಸಿ ಮಾಡಲಿಲ್ಲ, ಅಗಲವನ್ನು ಬಿಗಿಯಾಗಿ ಹಿಡಿದೆವು. ಪ್ರತಿ ಫೂಟಿಂಗಿಗೂ ನಾಲ್ಕು ಸೆಂಟ್ರಿಂಗ್ ಪ್ಲೇಟು ಕಟ್ಟಿಯೇ ಸುರಿಸಿದ್ದು.

ಉದ್ದನೆಯ ಎರಡು ಬದಿಗಳಲ್ಲಿ ಮೂಲೆಗಳೂ ಸೇರಿ ಇಪ್ಪತ್ತು ಫೂಟಿಂಗ್ ಆಗಿವೆ. ಲೆಕ್ಕಕ್ಕೆ 28ರಿಂದ 29 ಚೀಲ ಸಾಕಿತ್ತು, ಖಾಲಿಯಾದದ್ದು 31. ಪ್ಲೇಟು ಬಿಚ್ಚಿದ ಮೇಲೆ ಅಳತೆಪಟ್ಟಿ ಹಿಡಿದು ನೋಡಿದೆ. ಅಗಲ ಎಲ್ಲ ಕಡೆ 30 ಇಂಚೇ ಇದೆ, ದಪ್ಪ ಮಾತ್ರ 13 ಇಂಚು. ಬೆಡ್ ಒಂದು ಇಂಚು ತಗ್ಗಾಗಿ ಉಳಿದಿತ್ತು, ಆ ಇಂಚನ್ನು ಒಳ್ಳೆಯ ಕಾಂಕ್ರೀಟೇ ತುಂಬಿದೆ. ಇಪ್ಪತ್ತು ಫೂಟಿಂಗಿಗೆ ಒಂದು ಇಂಚು ಎಂದರೆ 10.4 ಘನ ಅಡಿ, ಎರಡೂವರೆ ಚೀಲದ ಹತ್ತಿರ. ಹೋದ ಸಿಮೆಂಟಿನ ಲೆಕ್ಕ ಅಲ್ಲಿಗೆ ಸರಿಹೋಯಿತು. ಉಳಿದ ಎರಡು ಬದಿಗಳಲ್ಲಿ ಬೆಡ್ ಹಾಕುವಾಗ ಕುಣಿಯ ಗೋಡೆಗೆ ಮೊಳೆ ಹೊಡೆದು, ದಾರ ಕಟ್ಟಿ ಮಟ್ಟ ಹಿಡಿಯಲು ಗೌಂಡಿಗೆ ಹೇಳಿದ್ದೇನೆ. ಸರಳಿನ ಜಾಲರಿಯ ಕೆಳಗೆ ಎರಡು ಇಂಚಿನ ಕವರ್ ಬ್ಲಾಕ್ ಇಡುವುದಕ್ಕೂ ಸಮಮಟ್ಟದ ಬೆಡ್ ಬೇಕು, ಇಲ್ಲವಾದರೆ ಜಾಲರಿ ಒಂದು ಕಡೆ ಇಳಿಯುತ್ತದೆ.

ಇನ್ನು ಉಳಿದಿರುವುದು ಹಿಂಬದಿಯ ಆರು, ಮುಂಬದಿಯ ನಾಲ್ಕು, ಗೇಟಿನ ಎರಡು. ಈ ಫೂಟಿಂಗುಗಳು 93 ಘನ ಅಡಿ, 22 ಚೀಲ. 32 ಬುಡಗಳಿಗೆ 14 ಚೀಲ. ಉಳಿದ ಹನ್ನೆರಡು ಕುಣಿಗಳ ಬೆಡ್ಡಿಗೆ ನಾಲ್ಕು. ಪೋಲಾಗುವುದಕ್ಕೆ ಎರಡು ಸೇರಿಸಿ 42 ಚೀಲ ಹೇಳಿದ್ದೇನೆ, ಅದೂ ಎರಡು ಕಂತಿನಲ್ಲಿ. ಬುಡಗಳ ಸಿಮೆಂಟನ್ನು ಈಗಲೇ ತಂದಿಟ್ಟರೆ ತೇವಕ್ಕೆ ಗಂಟು ಕಟ್ಟುತ್ತದೆ. ಕುಣಿ ಮುಚ್ಚಲು ತೆಗೆದ ಕಪ್ಪು ಮಣ್ಣನ್ನು ಬಳಸುವುದಿಲ್ಲ. ಗರಸಿನ ಎರಡು ಟ್ರ್ಯಾಕ್ಟರ್ ಬಂದು ಬಿದ್ದಿದೆ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು. ಪ್ಲಿಂತ್ ಬೀಮಿನ ಕೆಳಗೂ ಒಂದು ಅಡಿ ಎರೆ ತೆಗೆಸಿ ಅದೇ ಗರಸು ತುಂಬಿಸುತ್ತೇವೆ. ಅದಕ್ಕೆ ಇನ್ನೂ ಎಷ್ಟು ಗರಸು ಬೇಕೆಂದು ಬುಡಗಳು ಎದ್ದ ಮೇಲೆ ಅಳೆದು ನೋಡುತ್ತೇನೆ.